ಕುಗ್ಗಿದ್ದೋ, ಸರಿದದ್ದೋ, ಕಟ್ಟಾದದ್ದೋ?

ಮನೆಯಲ್ಲೇ ಚಟ್ನಿಪುಡಿ, ಸಾರಿನಪುಡಿ ಮಾಡಿ ಮಾರುವ ಪರಿಚಯದವರೊಬ್ಬರು ತಮ್ಮ ಪೊಟ್ಟಣಗಳಿಗೆ ಸ್ಟಿಕರ್ ಮಾಡಿಕೊಳ್ಳಲು ಹೊರಟಿದ್ದರು. ಅಂಗಡಿಯಲ್ಲಿ ಸಿಗುವ ಎ4 ಅಳತೆಯ ಸ್ಟಿಕರ್ ಹಾಳೆ ತಂದರು. ಅಡ್ಡಕ್ಕೆ ಮೂರು, ಉದ್ದಕ್ಕೆ ಎಂಟು, ಒಟ್ಟು 24 ಸ್ಟಿಕರ್. ಒಂದೊಂದೂ 64 ಮಿಲಿಮೀಟರ್ ಅಗಲ, 34 ಮಿಲಿಮೀಟರ್ ಎತ್ತರ. ಮಗ ಕಂಪ್ಯೂಟರಿನಲ್ಲಿ ಅಳತೆ ಹಿಡಿದು ಚೊಕ್ಕಟವಾಗಿ ಜೋಡಿಸಿಕೊಟ್ಟ: ಮೇಲೆ ಹೆಸರು, ನಡುವೆ ಪದಾರ್ಥಗಳು, ಕೊನೆಯ ಸಾಲಿನಲ್ಲಿ ತೂಕ ಮತ್ತು ಬೆಲೆ. ಪರದೆಯ ಮೇಲೆ ಎಲ್ಲವೂ ಸರಿಯಾಗಿತ್ತು. ಪ್ರಿಂಟ್ ತೆಗೆದರೆ ನಡುವಿನ ಸಾಲುಗಳು ಮಾತ್ರ ಚೆನ್ನಾಗಿ ಬಂದಿದ್ದವು. ಮೊದಲ ಸಾಲಿನ ಸ್ಟಿಕರ್‌ಗಳ ಬೆಲೆ ಕೆಳಗಿನ ಸ್ಟಿಕರಿಗೆ ಇಳಿದಿತ್ತು. ಕೊನೆಯ ಸಾಲಿನವುಗಳ ಹೆಸರು ಮೇಲಿನ ಸ್ಟಿಕರಿಗೆ ಹತ್ತಿತ್ತು.

ಅವರು ಪ್ರಿಂಟರ್ ಕೆಟ್ಟಿದೆ ಎಂದುಕೊಂಡರು. ಪ್ರಿಂಟರ್ ಕೆಟ್ಟಿರಲಿಲ್ಲ. ಅದಕ್ಕೆ ಏನು ಹೇಳಲಾಗಿತ್ತೋ ಅದನ್ನೇ ಅದು ಮಾಡಿತ್ತು. ಹಾಗೆ ಹೇಳಿದ್ದು ಯಾರು, ಎಲ್ಲಿ ಎಂಬುದು ಆ ಹಾಳೆಯಲ್ಲೇ ಬರೆದಿತ್ತು, ಓದಲು ಗೊತ್ತಿದ್ದರೆ.

ಪ್ರಿಂಟ್ ಸರಿ ಬರಲಿಲ್ಲ ಎಂದಾಗ ನಾವು ಸಾಮಾನ್ಯವಾಗಿ "ಔಟ್ ಆಗಿದೆ", "ಕಟ್ ಆಗಿದೆ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ನಿಜಕ್ಕೂ ಅಲ್ಲಿ ಮೂರು ಬೇರೆ ಬೇರೆ ತೊಂದರೆಗಳಿರುತ್ತವೆ. ಒಂದು, ಪುಟವಿಡೀ ಕುಗ್ಗಿರಬಹುದು ಅಥವಾ ಹಿಗ್ಗಿರಬಹುದು. ಎರಡು, ಅಳತೆ ಸರಿಯಿದ್ದೂ ಪುಟ ಒಂದು ಕಡೆಗೆ ಸರಿದಿರಬಹುದು. ಮೂರು, ಅಳತೆಯೂ ಜಾಗವೂ ಸರಿಯಿದ್ದು ಅಂಚಿನ ಭಾಗ ಮಾತ್ರ ಮಾಯವಾಗಿರಬಹುದು. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ತೊಂದರೆ ಹೆಚ್ಚುತ್ತದೆ. ಎಡಕ್ಕೆ ಸರಿದಿದೆ ಎಂದು ಫೈಲಿನಲ್ಲೇ ಮಾರ್ಜಿನ್ ಬದಲಾಯಿಸುತ್ತಾ ಹೋಗಿ, ಕೊನೆಗೆ ಯಾವ ಪ್ರಿಂಟರಿನಲ್ಲೂ ಸರಿ ಬರದ ಫೈಲ್ ಕೈಯಲ್ಲಿ ಹಿಡಿದು ಕೂತವರು ಬಹಳ ಮಂದಿ.

ನಮ್ಮ ಸ್ಟಿಕರ್ ಹಾಳೆಯನ್ನೇ ಓದೋಣ. ಹಾಳೆಯ ನಟ್ಟನಡುವೆ ತಪ್ಪು ಇಲ್ಲವೆನ್ನುವಷ್ಟು ಕಡಿಮೆ. ನಡುವಿನಿಂದ ದೂರ ಹೋದಂತೆ ತಪ್ಪು ಹೆಚ್ಚುತ್ತಾ ಹೋಗಿದೆ. ಮೇಲಿನದು ಕೆಳಗಿಳಿದಿದೆ, ಕೆಳಗಿನದು ಮೇಲೇರಿದೆ. ಎಲ್ಲವೂ ಮಧ್ಯದ ಕಡೆಗೆ ಬಂದಿದೆ ಎಂದರೆ ಅದು ಸರಿದದ್ದಲ್ಲ, ಕುಗ್ಗಿದ್ದು. ಸರಿದಿದ್ದರೆ 24 ಸ್ಟಿಕರ್‌ಗಳಲ್ಲೂ ತಪ್ಪು ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಇರಬೇಕಿತ್ತು.

ಕುಗ್ಗಿದ್ದು ಏಕೆ ಎಂದು ತಿಳಿಯಲು ಪ್ರಿಂಟರಿನ ಒಂದು ಮಿತಿಯನ್ನು ಮೊದಲು ನೋಡಬೇಕು. ಎ4 ಹಾಳೆಯ ಅಳತೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಆದರೆ ಸಾಮಾನ್ಯ ಪ್ರಿಂಟರ್ ಆ ಹಾಳೆಯ ತುದಿಯವರೆಗೂ ಮುದ್ರಿಸುವುದಿಲ್ಲ. ನಾಲ್ಕೂ ಕಡೆ ಒಂದು ಪಟ್ಟಿಯನ್ನು ಖಾಲಿ ಬಿಡುತ್ತದೆ. ಬಹಳಷ್ಟು ಕಚೇರಿ ಲೇಸರ್ ಪ್ರಿಂಟರ್‌ಗಳಲ್ಲಿ ಈ ಪಟ್ಟಿ ಸುಮಾರು 4.2 ಮಿ.ಮೀ., ಅಂದರೆ ಇಂಚಿನ ಆರನೇ ಒಂದು ಭಾಗ. ಈಗಿನ ಇಂಕ್‌ಜೆಟ್‌ಗಳಲ್ಲಿ 3 ಮಿ.ಮೀ. ಆಸುಪಾಸು. ಕೆಲವು ಹಳೆಯ ಇಂಕ್‌ಜೆಟ್‌ಗಳಲ್ಲಿ ಮೂರು ಕಡೆ ಕಡಿಮೆಯಿದ್ದು, ಹಾಳೆಯ ಕೆಳಅಂಚಿನಲ್ಲಿ ಮಾತ್ರ ಒಂದು ಸೆಂಟಿಮೀಟರಿಗಿಂತಲೂ ಹೆಚ್ಚು ಬಿಟ್ಟಿರುತ್ತದೆ.

ಈ ಪಟ್ಟಿ ಇರುವುದಕ್ಕೆ ಯಂತ್ರದೊಳಗೆ ಕಾರಣವಿದೆ. ಲೇಸರ್ ಪ್ರಿಂಟರಿನಲ್ಲಿ ಟೋನರ್ ಪುಡಿ ಮೊದಲು ಹಾಳೆಯ ಮೇಲೆ ಸುಮ್ಮನೆ ಕೂತಿರುತ್ತದೆ. ಆಮೇಲೆ ಹಾಳೆ ಬಿಸಿ ರೋಲರ್‌ಗಳ ನಡುವೆ ಹಾದು ಪುಡಿ ಕರಗಿ ಕಾಗದಕ್ಕೆ ಅಂಟುತ್ತದೆ. ಹಾಳೆಯ ಮುಂದಿನ ತುದಿಯವರೆಗೂ ಟೋನರ್ ಇದ್ದರೆ ಕರಗಿದ ಪುಡಿ ಹಾಳೆಯನ್ನೇ ರೋಲರಿಗೆ ಅಂಟಿಸಿ, ಸುತ್ತಿಸಿ, ಜಾಮ್ ಮಾಡಿಬಿಡುತ್ತದೆ. ತುದಿ ಖಾಲಿಯಿದ್ದರೆ ಹಾಳೆ ರೋಲರಿನಿಂದ ಸಲೀಸಾಗಿ ಬಿಡಿಸಿಕೊಂಡು ಹೊರಬರುತ್ತದೆ. ಇಂಕ್‌ಜೆಟ್‌ನಲ್ಲಿ ಕಥೆ ಬೇರೆ. ಅಲ್ಲಿ ಹಾಳೆಯನ್ನು ಒಂದು ಕಡೆ ತಳ್ಳುವ ರೋಲರ್, ಇನ್ನೊಂದು ಕಡೆ ಎಳೆಯುವ ರೋಲರ್ ಹಿಡಿದಿರುತ್ತವೆ. ಹಾಳೆಯ ಬಾಲ ತಳ್ಳುವ ರೋಲರಿನ ಹಿಡಿತ ತಪ್ಪಿದ ಮೇಲೆ ಅದು ಮೊದಲಿನಷ್ಟು ನಿಖರವಾಗಿ ಚಲಿಸುವುದಿಲ್ಲ. ಆ ಕೊನೆಯ ಭಾಗದಲ್ಲಿ ಗೆರೆ ಗೆರೆಯಾಗಿ ಬರುವುದು, ಅಕ್ಷರ ಅಲುಗಿದಂತೆ ಕಾಣುವುದು ಇದರಿಂದಲೇ. ಅದಕ್ಕಾಗಿಯೇ ತಯಾರಕರು ಕೆಳಅಂಚಿಗೆ ಹೆಚ್ಚು ಜಾಗ ಬಿಟ್ಟಿರುತ್ತಾರೆ.

ಹೀಗಾಗಿ 4.2 ಮಿ.ಮೀ. ಪಟ್ಟಿ ಬಿಡುವ ಪ್ರಿಂಟರಿನಲ್ಲಿ ಎ4 ಹಾಳೆಯ ಮೇಲೆ ನಿಜವಾಗಿ ಮುದ್ರಿಸಬಹುದಾದ ಜಾಗ 201.6 ಮಿ.ಮೀ. ಅಗಲ, 288.6 ಮಿ.ಮೀ. ಉದ್ದ ಮಾತ್ರ. ನಮ್ಮ ಫೈಲಿನ ಪುಟವೋ ಪೂರ್ತಿ 210 × 297. ಪಿಡಿಎಫ್ ಫೈಲನ್ನು ಅಡೋಬಿ ರೀಡರಿನಲ್ಲಿ ತೆರೆದು ಪ್ರಿಂಟ್ ಒತ್ತಿದಾಗ ಬರುವ ಕಿಟಕಿಯಲ್ಲಿ `Fit` ಆಯ್ಕೆಯಾಗಿದ್ದರೆ, ಸಾಫ್ಟ್‌ವೇರ್ ಇಡೀ ಪುಟವನ್ನು ಆ ಚಿಕ್ಕ ಜಾಗದೊಳಗೆ ಕೂರಿಸುತ್ತದೆ. ಅಗಲಕ್ಕೆ ಲೆಕ್ಕ ಹಾಕಿದರೆ 201.6ನ್ನು 210ರಿಂದ ಭಾಗಿಸಿ ಶೇ. 96. ಉದ್ದಕ್ಕೆ ಶೇ. 97ಕ್ಕಿಂತ ಸ್ವಲ್ಪ ಹೆಚ್ಚು. ಎರಡಕ್ಕೂ ಬೇರೆ ಬೇರೆ ಪ್ರಮಾಣ ಹಾಕಿದರೆ ವೃತ್ತ ಮೊಟ್ಟೆಯಾಗುತ್ತದೆ, ಆದ್ದರಿಂದ ಎರಡರಲ್ಲಿ ಚಿಕ್ಕದನ್ನೇ ಆರಿಸಿಕೊಂಡು ಇಡೀ ಪುಟವನ್ನು ಶೇ. 96ಕ್ಕೆ ಇಳಿಸುತ್ತದೆ.

ಶೇ. 4 ಕಡಿಮೆ ಎಂದರೆ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಒಂದು ಅರ್ಜಿ, ಒಂದು ಪತ್ರ, ಒಂದು ಪಾಠದ ನೋಟ್ಸ್ ಹೀಗೆ ಬಂದರೆ ಯಾರಿಗೂ ನಷ್ಟವಿಲ್ಲ. ಅಂಚು ಕತ್ತರಿಸದೆ ಬಂತಲ್ಲ, ಅಷ್ಟು ಸಾಕು. `Fit` ಎಂಬುದು ಕೆಟ್ಟ ಆಯ್ಕೆ ಅಲ್ಲವೇ ಅಲ್ಲ. ಆದರೆ ಸ್ಟಿಕರ್ ಹಾಳೆಯ ಗೆರೆಗಳು ಕಾರ್ಖಾನೆಯಲ್ಲೇ ಕತ್ತರಿಸಿ ಬಂದಿವೆ, ಅವು ಕುಗ್ಗುವುದಿಲ್ಲ. ಮೊದಲ ಸಾಲಿನ ಸ್ಟಿಕರಿನ ಮಧ್ಯ ಹಾಳೆಯ ಮಧ್ಯದಿಂದ 119 ಮಿ.ಮೀ. ದೂರದಲ್ಲಿದೆ. ಅದರ ಶೇ. 96 ಎಂದರೆ 114.2 ಮಿ.ಮೀ. ಅಂದರೆ ಆ ಸಾಲಿನ ಬರಹವೆಲ್ಲ ಹತ್ತಿರ ಹತ್ತಿರ 5 ಮಿ.ಮೀ. ಕೆಳಗಿಳಿಯಿತು. ಸ್ಟಿಕರಿನೊಳಗೆ ಬರಹಕ್ಕೂ ಗೆರೆಗೂ ನಡುವೆ ಬಿಟ್ಟಿದ್ದ ಜಾಗವೇ 3 ಮಿ.ಮೀ. ಬರಹವೂ ಕೊಂಚ ಕುಗ್ಗಿದೆ ನಿಜ, ಆದರೂ ಬೆಲೆಯ ಸಾಲು ಗೆರೆ ದಾಟಿತು. ನಡುವಿನ ನಾಲ್ಕು ಮತ್ತು ಐದನೇ ಸಾಲುಗಳಿಗೆ ಹಾಳೆಯ ಮಧ್ಯದಿಂದ ಇರುವ ದೂರ 17 ಮಿ.ಮೀ. ಮಾತ್ರ, ಅಲ್ಲಿ ಆದ ತಪ್ಪು ಒಂದು ಮಿಲಿಮೀಟರೂ ಇಲ್ಲ. ಅದಕ್ಕೇ ಅವು ಸರಿಯಾಗಿ ಕಂಡವು.

ಮದ್ದು ಸುಲಭ. ಪ್ರಿಂಟ್ ಕಿಟಕಿಯಲ್ಲಿ `Fit` ಬದಲು `Actual size` ಆರಿಸಬೇಕು. ಆಗ ಪುಟ ಶೇ. 100ರಲ್ಲೇ ಹೋಗುತ್ತದೆ, ಅಂಚಿನ 4.2 ಮಿ.ಮೀ. ಪಟ್ಟಿಯೊಳಗೆ ಏನಾದರೂ ಇದ್ದರೆ ಅದಷ್ಟೇ ಮುದ್ರಣವಾಗುವುದಿಲ್ಲ. ಸ್ಟಿಕರ್ ಹಾಳೆಯಲ್ಲಿ ಪಕ್ಕದ ಖಾಲಿ ಅಂಚೇ 6.5 ಮಿ.ಮೀ. ಇರುತ್ತದೆ, ಮೇಲೆ ಕೆಳಗೆ 12.5. ಆದ್ದರಿಂದ ಏನೂ ಕಳೆದುಹೋಗುವುದಿಲ್ಲ. ಅದೇ ಕಿಟಕಿಯಲ್ಲಿ `Shrink oversized pages` ಎಂಬ ಮೂರನೆಯ ಆಯ್ಕೆಯೂ ಇದೆ. ಅದು ಹಾಳೆಗಿಂತ ದೊಡ್ಡ ಪುಟವನ್ನು ಕುಗ್ಗಿಸುತ್ತದೆ, ಚಿಕ್ಕದನ್ನು ಹಿಗ್ಗಿಸುವುದಿಲ್ಲ. `Fit` ಹಾಗಲ್ಲ, ಎ5 ಅಳತೆಯ ಚಿಕ್ಕ ರಸೀದಿಯನ್ನೂ ಎ4 ತುಂಬುವಷ್ಟು ಹಿಗ್ಗಿಸಿಬಿಡುತ್ತದೆ. ಯಾವುದನ್ನು ಆರಿಸಿದರೂ ಆ ಕಿಟಕಿಯ ಪುಟ್ಟ ಚಿತ್ರದ ಮೇಲ್ಗಡೆ `Scale` ಎಂದು ಶೇಕಡಾ ಲೆಕ್ಕ ತೋರಿಸುತ್ತದೆ. ಅಳತೆ ಮುಖ್ಯವಾದ ಕೆಲಸವಾದರೆ ಅಲ್ಲಿ 100 ಎಂದು ಕಾಣುವವರೆಗೆ ಪ್ರಿಂಟ್ ಗುಂಡಿ ಒತ್ತಬಾರದು. ಕ್ರೋಮ್ ಬ್ರೌಸರಿನಲ್ಲೇ ಪಿಡಿಎಫ್ ತೆರೆದು ಪ್ರಿಂಟ್ ಕೊಡುವವರು `More settings` ಒಳಗೆ `Scale` ಹುಡುಕಿ, `Custom` ಆರಿಸಿ 100 ಎಂದು ಬರೆಯಬೇಕು.

ಸ್ಟಿಕರಿನಲ್ಲಾದರೆ ತಪ್ಪು ಕೂಡಲೇ ಕಾಣುತ್ತದೆ. ಕಾಣದೇ ಉಳಿಯುವ ಕಡೆ ಇದು ಹೆಚ್ಚು ನೋಯಿಸುತ್ತದೆ. ಹೊಲಿಗೆ ಕಲಿಯುವವರು ರವಿಕೆಯ ಪ್ಯಾಟರ್ನ್ ಪಿಡಿಎಫ್ ಇಳಿಸಿಕೊಂಡು, ಎ4 ಹಾಳೆಗಳಲ್ಲಿ ಪ್ರಿಂಟ್ ತೆಗೆದು, ಅಂಟಿಸಿ, ಬಟ್ಟೆಯ ಮೇಲಿಟ್ಟು ಕತ್ತರಿಸುತ್ತಾರೆ. ಹಾಳೆಗಳು ಒಂದಕ್ಕೊಂದು ಚೆನ್ನಾಗಿಯೇ ಕೂಡಿಕೊಳ್ಳುತ್ತವೆ, ಏಕೆಂದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಿರುತ್ತವೆ. ಆದರೆ 36 ಇಂಚಿನ ಎದೆಸುತ್ತು ಶೇ. 96ರಲ್ಲಿ ಮೂವತ್ತನಾಲ್ಕೂವರೆ ಇಂಚಿಗೆ ಇಳಿದಿರುತ್ತದೆ. ಹೊಲಿದು ಮುಗಿಸಿ ತೊಟ್ಟಾಗಲೇ ಗೊತ್ತಾಗುವುದು. ಒಳ್ಳೆಯ ಪ್ಯಾಟರ್ನ್‌ಗಳ ಮೊದಲ ಹಾಳೆಯಲ್ಲಿ ಒಂದು ಇಂಚಿನದೋ ಎರಡು ಇಂಚಿನದೋ ಚೌಕ ಬರೆದು "ಮೊದಲು ಇದನ್ನು ಅಳೆಯಿರಿ" ಎಂದು ಹಾಕಿರುವುದು ಇದಕ್ಕಾಗಿಯೇ. ಆ ಚೌಕವನ್ನು ಟೇಪಿನಿಂದಲ್ಲ, ಗಟ್ಟಿ ಸ್ಕೇಲಿನಿಂದ ಅಳೆಯಬೇಕು. ಒಂದು ಇಂಚಿನಲ್ಲಿ ಶೇ. 4 ಎಂದರೆ ಒಂದೇ ಮಿಲಿಮೀಟರ್, ಹಳೆಯ ಟೇಪಿನಲ್ಲಿ ಅದು ಸಿಕ್ಕುವುದಿಲ್ಲ.

ಮತ್ತೆ ಸ್ಟಿಕರಿಗೆ ಬರೋಣ. ಮನೆಯ ಪ್ರಿಂಟರಿನ ಶಾಯಿ ಮುಗಿದಾಗ ಅವರು ಅದೇ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹತ್ತಿರದ ಡಿಟಿಪಿ ಅಂಗಡಿಗೆ ಹೋದರು.

"ಅಣ್ಣಾ, ಫಿಟ್‌ನಲ್ಲಿ ಹಾಕ್ಬೇಡಿ, ಆಕ್ಚುವಲ್ ಸೈಜ್‌ನಲ್ಲೇ ಕೊಡಿ."

"ಕೊಡ್ತೀನಿ ಮೇಡಂ, ಆದ್ರೆ ಸೈಡು ಕಟ್ಟಾದ್ರೆ ನನ್ನ ಕೇಳ್ಬೇಡಿ."

ಪಕ್ಕ ಕಟ್ಟಾಗಲಿಲ್ಲ. ಆದರೆ ಎಲ್ಲ 24 ಸ್ಟಿಕರ್‌ಗಳ ಬರಹವೂ ಸುಮಾರು 9 ಮಿ.ಮೀ. ಮೇಲಕ್ಕೆ ಹೋಗಿತ್ತು. ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಅಳತೆಗೆ. ಇದು ಕುಗ್ಗಿದ್ದಲ್ಲ, ಸರಿದದ್ದು.

ಒಂದು ಪ್ರಿಂಟ್ ಹೊರಬರುವಾಗ ಮೂರು ಕಡೆ ಹಾಳೆಯ ಅಳತೆಯ ಮಾತು ನಡೆಯುತ್ತದೆ. ಫೈಲಿನೊಳಗಿನ ಪುಟದ ಅಳತೆ ಒಂದು. ಪ್ರಿಂಟರಿನ ಡ್ರೈವರಿನಲ್ಲಿ, ಅಂದರೆ `Properties` ಒತ್ತಿದರೆ ತೆರೆಯುವ ಕಿಟಕಿಯಲ್ಲಿ, ಆರಿಸಿರುವ ಹಾಳೆಯ ಅಳತೆ ಎರಡನೆಯದು. ಟ್ರೇಯಲ್ಲಿ ನಿಜವಾಗಿ ಇಟ್ಟಿರುವ ಹಾಳೆ ಮೂರನೆಯದು. ಅಂಗಡಿಯ ಕಂಪ್ಯೂಟರಿನಲ್ಲಿ ಎರಡನೆಯದು `Letter` ಎಂದಿತ್ತು. ಲೆಟರ್ ಎಂಬುದು ಅಮೆರಿಕದಲ್ಲಿ ಬಳಕೆಯ ಹಾಳೆ: 8.5 × 11 ಇಂಚು, ಅಂದರೆ 215.9 × 279.4 ಮಿ.ಮೀ. ಎ4ಗಿಂತ ಸುಮಾರು 6 ಮಿ.ಮೀ. ಅಗಲ ಹೆಚ್ಚು, 17.6 ಮಿ.ಮೀ. ಉದ್ದ ಕಡಿಮೆ. ಭಾರತದಲ್ಲಿ ಆ ಹಾಳೆ ಅಂಗಡಿಗಳಲ್ಲಿ ಕಾಣಸಿಗುವುದೇ ಅಪರೂಪ. ಆದರೂ ವಿಂಡೋಸ್‌ನಲ್ಲಿ ದೇಶ ಅಥವಾ ಭಾಷೆ ಅಮೆರಿಕದ ಇಂಗ್ಲಿಷ್ ಎಂದು ಉಳಿದಿದ್ದರೆ ಎಷ್ಟೋ ಸಾಫ್ಟ್‌ವೇರ್‌ಗಳು ತಾವಾಗಿಯೇ ಅದನ್ನು ಹಿಡಿದುಕೊಳ್ಳುತ್ತವೆ.

ಈಗ ಏನಾಯಿತು ನೋಡಿ. 297 ಮಿ.ಮೀ. ಉದ್ದದ ಪುಟವನ್ನು ಕುಗ್ಗಿಸದೆ 279.4 ಮಿ.ಮೀ. ಹಾಳೆಯ ನಡುವೆ ಕೂರಿಸಲು ರೀಡರ್ ಮೇಲಿನಿಂದ 8.8, ಕೆಳಗಿನಿಂದ 8.8 ಮಿ.ಮೀ. ಹೊರಗೆ ಬಿಟ್ಟಿತು. ಪ್ರಿಂಟರ್ ಆ ಲೆಟರ್ ಪುಟದ ತಲೆಯನ್ನು ಟ್ರೇಯಲ್ಲಿದ್ದ ಎ4ರ ತಲೆಗೆ ಹೊಂದಿಸಿತು. ಹಾಗಾಗಿ ಎಲ್ಲವೂ 8.8 ಮಿ.ಮೀ. ಮೇಲೆ ಹೋಯಿತು. ಜೊತೆಗೆ ಹಾಳೆಯ ಕೆಳಗಡೆ ಎರಡು ಸೆಂಟಿಮೀಟರಿಗೂ ಹೆಚ್ಚು ಜಾಗ ಖಾಲಿ ಉಳಿಯಿತು, ಏಕೆಂದರೆ ಪ್ರಿಂಟರಿನ ಲೆಕ್ಕದಲ್ಲಿ ಹಾಳೆ ಅಲ್ಲಿಗೇ ಮುಗಿದಿತ್ತು. ತಲೆ ಕಟ್ಟಾಗಿ, ಬುಡದಲ್ಲಿ ಅಗಲವಾದ ಬಿಳಿ ಪಟ್ಟಿ ಕಂಡರೆ ಮೊದಲು ಅನುಮಾನಿಸಬೇಕಾದ್ದು ಈ ಲೆಟರ್ ಹಾಳೆಯನ್ನೇ. ಕೆಲವು ಪ್ರಿಂಟರ್‌ಗಳು ಮುದ್ರಿಸುವ ಮುನ್ನ ಲೆಟರ್ ಹಾಳೆ ಹಾಕಿ ಎಂದು ನಿಂತು ಕೇಳುತ್ತವೆ. ಗ್ರಾಹಕರು ಸಾಲುಗಟ್ಟಿರುವ ಅಂಗಡಿಯಲ್ಲಿ ಹುಡುಗ ಓಕೆ ಗುಂಡಿ ಒತ್ತಿ ಮುಂದೆ ಹೋಗುತ್ತಾನೆ. ಪ್ರಿಂಟರ್ ಆ ಒಂದು ಸಲ ನಿಜ ಹೇಳಿತ್ತು, ಅದನ್ನು ಕೇಳಿಸಿಕೊಳ್ಳಬೇಕು.

ಎಂಎಸ್ ವರ್ಡ್ ಬಳಸುವವರಿಗೆ ಇಲ್ಲಿ ಇನ್ನೊಂದು ಅಡಗಿದ ಗುಂಡಿ ಇದೆ. ಅದರ `File`, `Options`, `Advanced` ಒಳಗೆ ಕೆಳಗೆ ಇಳಿದರೆ `Print` ಭಾಗದಲ್ಲಿ `Scale content for A4 or 8.5 x 11" paper sizes` ಎಂಬ ಸಾಲು ಸಿಗುತ್ತದೆ. ಸಾಮಾನ್ಯವಾಗಿ ಅದಕ್ಕೆ ಮೊದಲೇ ಟಿಕ್ ಹಾಕಿರುತ್ತದೆ. ಪುಟ ಎ4 ಆಗಿ, ಪ್ರಿಂಟರ್ ಲೆಟರ್ ಎಂದರೆ ವರ್ಡ್ ಯಾರನ್ನೂ ಕೇಳದೆ ಪುಟವನ್ನು ಕುಗ್ಗಿಸಿ ಕೊಡುತ್ತದೆ. ಪತ್ರಕ್ಕೆ ಇದು ಉಪಕಾರವೇ. ಅಳತೆಯ ಕೆಲಸಕ್ಕೆ ಮಾತ್ರ ಆ ಟಿಕ್ ತೆಗೆಯಬೇಕು. ಸಾಫ್ಟ್‌ವೇರ್ ಒಂದು ಸಲ ಕುಗ್ಗಿಸಿ, ಡ್ರೈವರಿನಲ್ಲೂ ಹಾಳೆಗೆ ಹೊಂದಿಸುವ ಆಯ್ಕೆ ಚಾಲೂ ಇದ್ದು ಅದು ಮತ್ತೊಮ್ಮೆ ಕುಗ್ಗಿಸಿದರೆ ಶೇ. 96ರ ಶೇ. 96, ಅಂದರೆ ಶೇ. 92ಕ್ಕೆ ಬಂದು ನಿಲ್ಲುತ್ತದೆ. ರೀಡರಿನಲ್ಲಿ 100 ಎಂದು ಕಂಡರೂ ಕೈಗೆ ಬಂದದ್ದು ಚಿಕ್ಕದಾಗಿದ್ದರೆ ಡ್ರೈವರಿನೊಳಗೆ ಹೋಗಿ ನೋಡಬೇಕು ಎಂದು ಅರ್ಥ.

ಮೂರೂ ಕಡೆ ಎ4 ಎಂದೇ ಇದ್ದು, ಶೇ. 100ರಲ್ಲೇ ಹೋಗಿ, ಆದರೂ ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಅದು ಕಾಗದ ಮತ್ತು ಯಂತ್ರದ ವಿಷಯ. ಟ್ರೇಯ ಎರಡು ಬದಿಯ ಪ್ಲಾಸ್ಟಿಕ್ ತಡೆಗಳು ಕಾಗದಕ್ಕೆ ತಾಗಿಯೂ ತಾಗದಂತೆ ನಿಂತಿರಬೇಕು. ಸಡಿಲವಾಗಿದ್ದರೆ ಹಾಳೆ ಓರೆಯಾಗಿ ಒಳಹೋಗುತ್ತದೆ. ಆಗ ಮುದ್ರಣವೂ ಮೇಲಿನಿಂದ ಕೆಳಕ್ಕೆ ಬರುತ್ತಾ ಓರೆಯಾಗುತ್ತದೆ. ಬಿಗಿಯಾಗಿದ್ದರೆ ಹಾಳೆ ಬಿಲ್ಲಿನಂತೆ ಬಾಗಿ ತಡವಾಗಿ ಒಳಹೋಗಿ ಮೇಲೆ ಕೆಳಗೆ ವ್ಯತ್ಯಾಸ ಬರುತ್ತದೆ. ಹಾಳೆಯನ್ನು ಎಳೆಯುವ ರಬ್ಬರ್ ರೋಲರ್ ಸವೆದು ನುಣುಪಾಗಿದ್ದರೆ ಒಂದೊಂದು ಹಾಳೆ ಒಂದೊಂದು ರೀತಿ ಬರುತ್ತದೆ. ಇಲ್ಲೇ ಗಮನಿಸಬೇಕಾದ ಒಂದು ಗುರುತಿದೆ: ಅದೇ ಫೈಲನ್ನು ಐದಾರು ಹಾಳೆಗೆ ಮುದ್ರಿಸಿ ಒಂದರ ಮೇಲೊಂದು ಹಿಡಿದು ನೋಡಿದಾಗ ಎಲ್ಲದರಲ್ಲೂ ತಪ್ಪು ಒಂದೇ ಆಗಿದ್ದರೆ ಅದನ್ನು ಸೆಟ್ಟಿಂಗ್‌ನಲ್ಲಿ ತಿದ್ದಬಹುದು. ಹಲವು ಕಚೇರಿ ಲೇಸರ್ ಪ್ರಿಂಟರ್‌ಗಳಲ್ಲಿ ಮುದ್ರಣದ ಸ್ಥಾನವನ್ನು ಅಡ್ಡಕ್ಕೂ ಉದ್ದಕ್ಕೂ ಸ್ವಲ್ಪ ಸ್ವಲ್ಪ ಸರಿಸುವ ಆಯ್ಕೆ ಇರುತ್ತದೆ. ತಪ್ಪು ಹಾಳೆಯಿಂದ ಹಾಳೆಗೆ ಬದಲಾಗುತ್ತಿದ್ದರೆ ಯಾವ ಸೆಟ್ಟಿಂಗೂ ಉಪಯೋಗವಿಲ್ಲ, ರೋಲರನ್ನು ಒರೆಸಬೇಕು ಅಥವಾ ಬದಲಿಸಬೇಕು.

ಒಳ್ಳೆಯ ಪ್ರಿಂಟರಿನಲ್ಲೂ ಒಂದು ಮಿಲಿಮೀಟರಿನಷ್ಟು ಆಚೀಚೆ ಆಗುವುದು ಸಹಜ. ಆದ್ದರಿಂದ ಸ್ಟಿಕರಿನ ಗೆರೆಗೆ ತಾಗಿಸಿ ಬಣ್ಣದ ಚೌಕಟ್ಟು ಬರೆಯುವುದು ನನ್ನ ಮಟ್ಟಿಗೆ ಕೆಟ್ಟ ವಿನ್ಯಾಸ. ಬರಹ ಅರ್ಧ ಮಿಲಿಮೀಟರ್ ಸರಿದರೆ ಯಾರಿಗೂ ಕಾಣುವುದಿಲ್ಲ. ಚೌಕಟ್ಟು ಅಷ್ಟೇ ಸರಿದರೂ ಒಂದು ಕಡೆ ದಪ್ಪ, ಒಂದು ಕಡೆ ತೆಳು ಎಂದು ದೂರದಿಂದಲೇ ಗೊತ್ತಾಗುತ್ತದೆ. ಇನ್ನು, ದುಬಾರಿ ಸ್ಟಿಕರ್ ಹಾಳೆಯನ್ನು ಮೊದಲೇ ಹಾಕಬಾರದು. ಸಾದಾ ಎ4 ಹಾಳೆಗೆ ಒಂದು ಪ್ರಿಂಟ್ ತೆಗೆದು, ಅದನ್ನು ಸ್ಟಿಕರ್ ಹಾಳೆಯ ಜೊತೆ ಸೇರಿಸಿ ಕಿಟಕಿಯ ಬೆಳಕಿಗೆ ಹಿಡಿದರೆ ಬರಹ ಎಲ್ಲೆಲ್ಲಿ ಕೂರುತ್ತದೆ ಎಂದು ಚೆನ್ನಾಗಿ ಕಾಣುತ್ತದೆ. ಅರ್ಧ ಸ್ಟಿಕರ್ ಕಿತ್ತುಕೊಂಡ ಹಾಳೆಯನ್ನು ಮತ್ತೆ ಪ್ರಿಂಟರಿಗೆ ಹಾಕುವುದೂ ಬೇಡ. ಉಳಿದ ಸ್ಟಿಕರ್ ಒಳಗೆ ಕಿತ್ತುಬಂದು ರೋಲರಿಗೆ ಅಂಟಿಕೊಂಡರೆ ರಿಪೇರಿಯ ಖರ್ಚಿನಲ್ಲಿ ಹತ್ತಾರು ಹೊಸ ಹಾಳೆ ಬರುತ್ತಿತ್ತು. ಲೇಸರ್ ಪ್ರಿಂಟರಿಗಾದರೆ ಲೇಸರಿಗೆಂದೇ ಮಾಡಿದ ಸ್ಟಿಕರ್ ಹಾಳೆಯೇ ಆಗಬೇಕು. ಬೇರೆಯದರ ಗೋಂದು ಬಿಸಿಗೆ ಕರಗುತ್ತದೆ.

ಎಕ್ಸೆಲ್‌ನಲ್ಲಿ ಕಟ್ಟಾಗುವುದು ಇವೆಲ್ಲದಕ್ಕಿಂತ ಬೇರೆ. ಸಂಘದ ಲೆಕ್ಕಪತ್ರ ಪ್ರಿಂಟ್ ಕೊಟ್ಟರೆ ಬಲಗಡೆಯ ಒಂದೆರಡು ಕಾಲಂ ಮಾಯವಾಗಿ ಬೇರೆ ಹಾಳೆಯಲ್ಲಿ ಬರುತ್ತವೆ. ಎಕ್ಸೆಲ್‌ಗೆ ಪುಟ ಎಂಬುದೇ ಇಲ್ಲ, ಮುದ್ರಿಸುವಾಗ ಹಾಳೆಗೆ ಹಿಡಿಸುವಷ್ಟು ಕಾಲಂಗಳನ್ನು ಒಟ್ಟುಮಾಡಿ ಉಳಿದದ್ದನ್ನು ಮುಂದಕ್ಕೆ ತಳ್ಳುತ್ತದೆ. ಪ್ರಿಂಟ್ ಪರದೆಯ ಕೆಳಗೆ `No Scaling` ಎಂದಿರುವುದನ್ನು ಒತ್ತಿ `Fit All Columns on One Page` ಆರಿಸಿದರೆ ಅಗಲ ಒಂದು ಹಾಳೆಗೆ ಬರುತ್ತದೆ, ಉದ್ದ ಎಷ್ಟು ಹಾಳೆಯಾದರೂ ಆಗಲಿ. ಅವಸರದಲ್ಲಿ ಅದರ ಪಕ್ಕದ `Fit Sheet on One Page` ಒತ್ತಿದರೆ ಇನ್ನೂರು ಸಾಲಿನ ಲೆಕ್ಕ ಒಂದೇ ಹಾಳೆಗೆ ಬಂದು ಭೂತಗನ್ನಡಿ ಹಿಡಿದು ಓದಬೇಕಾಗುತ್ತದೆ. ಕಾಲಂ ಜಾಸ್ತಿಯಿದ್ದರೆ ಮೊದಲು ಹಾಳೆಯನ್ನು ಅಡ್ಡಕ್ಕೆ ತಿರುಗಿಸಿ, ಆಮೇಲೆ ಕುಗ್ಗಿಸುವುದು ಒಳ್ಳೆಯದು.

ಅಂಚು ಬಿಡದೆ ಹಾಳೆ ತುಂಬ ಮುದ್ರಿಸುವ `Borderless` ಆಯ್ಕೆಯ ಬಗ್ಗೆ ಜನರಲ್ಲಿರುವ ತಪ್ಪು ತಿಳಿವಳಿಕೆ ಎಲ್ಲಕ್ಕಿಂತ ದೊಡ್ಡದು. ಫೋಟೋ ಪ್ರಿಂಟರ್‌ಗಳಲ್ಲಿ ಈ ಆಯ್ಕೆ ಇದೆ. ಅದನ್ನು ಆರಿಸಿದರೆ ಪ್ರಿಂಟರ್ ಚಿತ್ರವನ್ನು ಹಾಳೆಯ ತುದಿಗೆ ಸರಿಯಾಗಿ ಮುಟ್ಟಿಸುತ್ತದೆ ಎಂದೇ ಹೆಚ್ಚಿನವರ ಊಹೆ. ಹಾಗೆ ಮುಟ್ಟಿಸಲು ಸಾಧ್ಯವಿಲ್ಲ. ಹಾಳೆ ಒಂದು ಮಿಲಿಮೀಟರ್ ಸರಿದರೂ ಒಂದು ಕಡೆ ಬಿಳಿ ಗೆರೆ ಉಳಿಯುತ್ತದೆ. ಅದಕ್ಕೇ ಪ್ರಿಂಟರ್ ಬೇರೆ ದಾರಿ ಹಿಡಿಯುತ್ತದೆ: ಚಿತ್ರವನ್ನು ಹಾಳೆಗಿಂತ ಕೊಂಚ ದೊಡ್ಡದು ಮಾಡಿ, ಅಂಚಿನಾಚೆಗೂ ಶಾಯಿ ಸಿಂಪಡಿಸುತ್ತದೆ. ಹೊರಗೆ ಬಿದ್ದ ಶಾಯಿಯನ್ನು ಹೀರಲು ಹಾಳೆಯ ಹಾದಿಯ ಕೆಳಗೆ ಸ್ಪಂಜಿನಂಥ ಪ್ಯಾಡ್ ಇರುತ್ತದೆ. ಅಂದರೆ ಅಂಚಿಲ್ಲದ ಮುದ್ರಣದಲ್ಲಿ ಚಿತ್ರ ಹಿಗ್ಗುವುದೂ, ಅದರ ಸುತ್ತಿನ ಭಾಗ ಕಟ್ಟಾಗುವುದೂ ದೋಷವಲ್ಲ. ಆ ಆಯ್ಕೆ ಕೆಲಸ ಮಾಡುವುದೇ ಹಾಗೆ.

ಎಷ್ಟು ಹಿಗ್ಗಿಸಬೇಕು ಎಂಬುದನ್ನು ತಿದ್ದಬಹುದು. ಎಪ್ಸನ್ ಡ್ರೈವರಿನಲ್ಲಿ `Expansion` ಎಂದೂ, ಕ್ಯಾನನ್‌ನಲ್ಲಿ `Amount of Extension` ಎಂದೂ ಒಂದು ಜಾರುಗುಂಡಿ ಇರುತ್ತದೆ. ಅದನ್ನು ಕಡಿಮೆ ಮಾಡಿದಷ್ಟೂ ಚಿತ್ರ ಕಡಿಮೆ ಕಳೆಯುತ್ತದೆ, ಆದರೆ ಅಂಚಿನಲ್ಲಿ ಬಿಳಿ ಗೆರೆ ಇಣುಕುವ ಸಂಭವ ಹೆಚ್ಚುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. 4 × 6 ಇಂಚಿನ ಫೋಟೋ ಹಾಳೆಯಲ್ಲಿ 35 × 45 ಮಿ.ಮೀ.ನ ಎಂಟು ಭಾವಚಿತ್ರ ಜೋಡಿಸಿ ಅಂಚಿಲ್ಲದೆ ಮುದ್ರಿಸಿದರೆ ಒಂದೊಂದು ಮುಖವೂ ಅಳತೆಗಿಂತ ದೊಡ್ಡದಾಗುತ್ತದೆ, ಹೊರಗಿನವುಗಳ ಬದಿ ಕಟ್ಟಾಗುತ್ತದೆ. ಅಳತೆ ಬೇಕಾದ ಯಾವ ಕೆಲಸಕ್ಕೂ, ಅದು ಭಾವಚಿತ್ರವಾಗಲಿ ಸ್ಟಿಕರಾಗಲಿ, `Borderless` ಸಲ್ಲದು. ಸಾದಾ ಕಾಗದದಲ್ಲಿ ಬಹಳಷ್ಟು ಪ್ರಿಂಟರ್‌ಗಳು ಆ ಆಯ್ಕೆಯನ್ನೇ ಕೊಡುವುದಿಲ್ಲ. ಫೋಟೋ ಕಾಗದ ಎಂದು ಆರಿಸಿದ ಮೇಲೆ ಮಾತ್ರ, ಕೆಲವೇ ಅಳತೆಗಳಿಗೆ ಅದು ತೆರೆದುಕೊಳ್ಳುತ್ತದೆ. ಹೊರಗೆ ಚೆಲ್ಲುವ ಶಾಯಿಯಿಂದ ಪ್ಯಾಡ್ ಬೇಗ ತುಂಬುವುದೂ, ಕೆಲವೊಮ್ಮೆ ಮುಂದಿನ ಹಾಳೆಯ ಹಿಂಬದಿಗೆ ಶಾಯಿ ಮೆತ್ತುವುದೂ ಇದರ ಬೆಲೆ.

ಮದುವೆ ಮನೆಯ ಗುಂಪಿನ ಫೋಟೋದಲ್ಲಿ ಹಿಂದಿನ ಸಾಲಿನವರ ತಲೆ ಕಟ್ಟಾಗುವುದಕ್ಕೆ ಮಾತ್ರ ಈ ಹಿಗ್ಗಿಸುವಿಕೆಯೊಂದೇ ಕಾರಣವಲ್ಲ. ಮೊಬೈಲಿನ ಫೋಟೋ ಸಾಮಾನ್ಯವಾಗಿ 4:3 ಪ್ರಮಾಣದ್ದು, 4 × 6 ಹಾಳೆ 3:2 ಪ್ರಮಾಣದ್ದು. ಹಾಳೆ 152 ಮಿ.ಮೀ. ಅಗಲ, 102 ಮಿ.ಮೀ. ಎತ್ತರ. ಫೋಟೋವನ್ನು ಆ ಅಗಲಕ್ಕೆ ತುಂಬಿಸಿದರೆ ಅದರ ಎತ್ತರ 114 ಮಿ.ಮೀ. ಆಗುತ್ತದೆ. 12 ಮಿ.ಮೀ. ಹಾಳೆಗೆ ಹಿಡಿಸುವುದಿಲ್ಲ, ಮೇಲೆ ಆರು, ಕೆಳಗೆ ಆರು ಹೋಗುತ್ತದೆ. ವಿಂಡೋಸ್‌ನಲ್ಲಿ ಫೋಟೋ ಮುದ್ರಿಸುವ ಹಳೆಯ ಕಿಟಕಿಯ ಕೆಳಗೆ `Fit picture to frame` ಎಂಬ ಟಿಕ್ ಮೊದಲೇ ಇರುತ್ತದೆ. ಹೆಸರು ಏನೇ ಹೇಳಲಿ, ಅದು ಚಿತ್ರವನ್ನು ಕತ್ತರಿಸಿ ಹಾಳೆ ತುಂಬಿಸುತ್ತದೆ. ಟಿಕ್ ತೆಗೆದರೆ ಇಡೀ ಫೋಟೋ ಬರುತ್ತದೆ, ಎಡಬಲಕ್ಕೆ ಎಂಟೆಂಟು ಮಿಲಿಮೀಟರ್ ಬಿಳಿ ಜಾಗ ಉಳಿಯುತ್ತದೆ. ಆ ಬಿಳಿ ಬೇಡವೆಂದರೆ ಮೊಬೈಲಿನಲ್ಲೇ 3:2ಕ್ಕೆ ಕ್ರಾಪ್ ಮಾಡಿ, ಯಾವ ಭಾಗ ಹೋಗಬೇಕು ಎಂದು ನಾವೇ ತೀರ್ಮಾನಿಸಿ ಕೊಡಬೇಕು. ಹಿಂದಿನ ಸಾಲಿನ ಅಜ್ಜಿಯ ತಲೆಗಿಂತ ಮುಂದಿನ ಜಮಖಾನೆ ಹೋದರೆ ಯಾರಿಗೂ ಬೇಸರವಿಲ್ಲ.

ಮುದ್ರಣಾಲಯಗಳು ಇದನ್ನು ಬೇರೆ ರೀತಿ ನಿಭಾಯಿಸುತ್ತವೆ. ಆಮಂತ್ರಣ ಪತ್ರಿಕೆಯಲ್ಲಿ ಬಣ್ಣ ತುದಿಯವರೆಗೆ ಬಂದಿರುವುದು ಅಂಚಿಲ್ಲದ ಮುದ್ರಣದಿಂದಲ್ಲ. ಅಲ್ಲಿ 12 × 18 ಅಥವಾ 13 × 19 ಇಂಚಿನ ದೊಡ್ಡ ಹಾಳೆಯಲ್ಲಿ ಪತ್ರಿಕೆಯ ಅಳತೆಗಿಂತ ಸುತ್ತಲೂ 3 ಮಿ.ಮೀ. ಹೆಚ್ಚು ಬಣ್ಣ ಹಚ್ಚಿ ಮುದ್ರಿಸುತ್ತಾರೆ. ಆಮೇಲೆ ಕಟಿಂಗ್ ಯಂತ್ರದಲ್ಲಿ ಅಳತೆಗೆ ಕತ್ತರಿಸುತ್ತಾರೆ. ಆ ಹೆಚ್ಚುವರಿ 3 ಮಿ.ಮೀ.ಗೆ ಬ್ಲೀಡ್ ಎನ್ನುತ್ತಾರೆ. ಬ್ಲೇಡು ಅರ್ಧ ಮಿಲಿಮೀಟರ್ ಆಚೀಚೆ ಬಿದ್ದರೂ ಬಿಳಿ ಕಾಣುವುದಿಲ್ಲ. ನಮ್ಮ ಚಟ್ನಿಪುಡಿಯವರು ಈಗ ದೊಡ್ಡ ಡಬ್ಬಿಗಳಿಗೆ ಹಳದಿ ಹಿನ್ನೆಲೆಯ ಲೇಬಲ್ ಮಾಡಿಸಬೇಕೆಂದಿದ್ದಾರೆ. ಅದನ್ನು ಸ್ಟಿಕರ್ ಹಾಳೆಯಲ್ಲಿ ಪ್ರಿಂಟ್ ಮಾಡದೆ, ಬ್ಲೀಡ್ ಸೇರಿಸಿದ ಫೈಲ್ ಕೊಟ್ಟು ಡಿಜಿಟಲ್ ಪ್ರೆಸ್ಸಿನಲ್ಲಿ ಕತ್ತರಿಸಿ ಕೊಡುವಂತೆ ಹೇಳಿದ್ದಾರೆ.